ಒಂದು ಪುರ್ಸಿಸ್, ಒಂದು ರಾಜಿ ಡಿಕ್ರಿ: ಪುಣೆಯಲ್ಲಿ ನಾನು ನಡೆಸಿದ ಎರಡು ದಾವೆಗಳು

ಪುಣೆಯಲ್ಲಿ ಸಣ್ಣದಾಗಿ ಕಟ್ಟಡ ಸಾಮಗ್ರಿಯ ವ್ಯಾಪಾರ ಮಾಡುವ ನಾನು, ಬಾಕಿ ವಸೂಲಿಗಾಗಿ ಶಿವಾಜಿನಗರದ ನ್ಯಾಯಾಲಯದಲ್ಲಿ ಇಬ್ಬರು ಗಿರಾಕಿಗಳ ಮೇಲೆ ಬೇರೆ ಬೇರೆ ದಾವೆ ಹೂಡಿದ್ದೆ. ಎರಡೂ ಮಾತುಕತೆಯಲ್ಲೇ ಮುಗಿದವು, ಆದರೆ ಮುಗಿದ ರೀತಿ ಬೇರೆ.

ಮೊದಲನೆಯದರಲ್ಲಿ 3,20,000 ರೂಪಾಯಿ ಬರಬೇಕಿತ್ತು. ಪ್ರತಿವಾದಿ ಒಂದು ಲಕ್ಷ ಕೈಗಿಟ್ಟು, ದಾವೆ ಹಿಂತೆಗೆದುಕೊಂಡರೆ ಉಳಿದದ್ದನ್ನು ದೀಪಾವಳಿಯೊಳಗೆ ಕೊಡುವುದಾಗಿ ಬಾಯಿಮಾತಿನಲ್ಲಿ ಹೇಳಿದರು. ದಾವೆ ಹಿಂತೆಗೆದುಕೊಳ್ಳುತ್ತೇನೆಂಬ ಎರಡು ಸಾಲಿನ ಪುರ್ಸಿಸ್‌ಗೆ ನಾನು (ಬೆಂಗಳೂರಿನವರು ಮೆಮೊ ಎನ್ನುವುದನ್ನು ಇಲ್ಲಿ ಹೀಗೆನ್ನುತ್ತಾರೆ) ಸಹಿ ಹಾಕಿದೆ. ದೀಪಾವಳಿ ಕಳೆಯಿತು, ಹಣ ಬರಲಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶದ 1ನೇ ನಿಯಮದ ಪ್ರಕಾರ, ಹೊಸ ದಾವೆ ಹೂಡಲು ನ್ಯಾಯಾಲಯದ ಅನುಮತಿ ಪಡೆಯದೆ ಹಿಂತೆಗೆದುಕೊಂಡವನು ಅದೇ ವಿಷಯಕ್ಕಾಗಿ ಮತ್ತೆ ದಾವೆ ಹೂಡುವಂತಿಲ್ಲ. ಆ ಅನುಮತಿಯೂ ಕೇಳಿದ ಮಾತ್ರಕ್ಕೆ ಸಿಗುವುದಲ್ಲ, ದಾವೆಯಲ್ಲಿ ಔಪಚಾರಿಕ ದೋಷವೋ ಸಾಕಷ್ಟು ಕಾರಣವೋ ಇರಬೇಕು. ಸಿಕ್ಕಿದರೂ ಕಾಲಮಿತಿಯನ್ನು ಹಳೆಯ ದಾವೆ ಹೂಡಿಯೇ ಇರಲಿಲ್ಲವೆಂಬಂತೆ ಎಣಿಸುತ್ತಾರೆ. ಕಾಗದದ ಮೇಲೆ ಒಪ್ಪಂದವಿದ್ದಿದ್ದರೆ ಅದನ್ನೇ ಆಧಾರವಾಗಿಟ್ಟುಕೊಂಡು ಹೋಗಲು ನೋಡಬಹುದಿತ್ತು, ನನ್ನ ಬಳಿ ಅದೂ ಇರಲಿಲ್ಲ.

ಎರಡನೆಯದು 4,50,000 ರೂಪಾಯಿಯದು. ಈ ಸಲ ವಕೀಲರು ಒಪ್ಪಂದದ ಶರತ್ತುಗಳನ್ನು ಬರೆಸಿ, ಇಬ್ಬರ ಸಹಿಯೊಂದಿಗೆ ಅದೇ 23ನೇ ಆದೇಶದ 3ನೇ ನಿಯಮದಡಿ ಸಲ್ಲಿಸಿದರು. ಒಟ್ಟು 3,90,000, ತಿಂಗಳಿಗೆ 30,000ದಂತೆ ಹದಿಮೂರು ಕಂತು, ಸತತ ಎರಡು ಕಂತು ತಪ್ಪಿದರೆ ಉಳಿದದ್ದೆಲ್ಲ ಶೇ. 9 ಬಡ್ಡಿಯೊಂದಿಗೆ ಒಮ್ಮೆಲೇ. ನ್ಯಾಯಾಧೀಶರು ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿ, ಓದಿ ತಿಳಿದುಕೊಂಡಿದ್ದೀರಾ, ಯಾರದಾದರೂ ಒತ್ತಾಯವಿದೆಯೇ ಎಂದು ಮರಾಠಿಯಲ್ಲಿ ಕೇಳಿ, ಶರತ್ತುಗಳಂತೆಯೇ ಡಿಕ್ರಿ ಮಾಡಿದರು. ಆರು ಕಂತಿನ ನಂತರ ಎದುರಾಳಿ ನಿಲ್ಲಿಸಿದಾಗ ಹೊಸ ದಾವೆ ಬೇಕಾಗಲಿಲ್ಲ. 2,10,000 ಮತ್ತು ಬಡ್ಡಿಗಾಗಿ ನೇರವಾಗಿ ಡಿಕ್ರಿ ಜಾರಿಯ ದರ್ಖಾಸ್ತು ಹಾಕಿದೆವು. ಬ್ಯಾಂಕ್ ಖಾತೆಯ ಜಪ್ತಿಗೆ ಅರ್ಜಿ ಬಿದ್ದ ಮೇಲೆ ಹಣ ಬಂತು.

ಆದರೆ ಡಿಕ್ರಿ ನನ್ನನ್ನೂ ಕಟ್ಟಿಹಾಕಿತ್ತು. ಅವರೇ ಮಾತು ತಪ್ಪಿದ್ದಾರಲ್ಲ, ಬಿಟ್ಟುಕೊಟ್ಟ 60,000ವನ್ನೂ ಕೇಳೋಣವೆಂದರೆ, ವಕೀಲರು ಶರತ್ತುಗಳ ಹಾಳೆಯನ್ನು ನನ್ನತ್ತ ತಿರುಗಿಸಿ, "ಅದು ಇದರಲ್ಲಿ ಎಲ್ಲಿದೆ, ತೋರಿಸಿ" ಎಂದರು. ಜಾರಿ ಮಾಡುವ ನ್ಯಾಯಾಲಯ ಡಿಕ್ರಿಯಲ್ಲಿ ಬರೆದದ್ದರಾಚೆ ಹೋಗುವುದಿಲ್ಲ. ಒಪ್ಪಿಗೆಯ ಡಿಕ್ರಿಗೆ ಅದೇ ಸಂಹಿತೆಯ ಕಲಂ 96(3)ರಡಿ ಮೇಲ್ಮನವಿಯೂ ಇಲ್ಲ. ರಾಜಿಯೇ ಕಾನೂನುಬದ್ಧವಲ್ಲವೆಂದು ಹೇಳಬೇಕಿದ್ದರೂ ಬೇರೆ ದಾವೆ ಹೂಡುವಂತಿಲ್ಲ, ಅದನ್ನು ದಾಖಲಿಸಿದ ನ್ಯಾಯಾಲಯಕ್ಕೇ ಅರ್ಜಿ ಹಾಕಬೇಕು.

ಹಣ ಪೂರ್ತಿ ಕೈಸೇರಿದ ಮೇಲಾದರೆ ಪುರ್ಸಿಸ್ ಸಾಕು, ಅದು ಬೇಗ ಮುಗಿಯುತ್ತದೆ. ಒಂದೇ ಒಂದು ಕಂತು ಬಾಕಿಯಿದ್ದರೂ ನಾನು ಡಿಕ್ರಿಯನ್ನೇ ಕೇಳುತ್ತೇನೆ, ಮತ್ತು ಕಂತು ತಪ್ಪಿದರೆ ರಿಯಾಯಿತಿಯ ಗತಿಯೇನು ಎಂಬುದನ್ನು ಸಹಿಗೆ ಮೊದಲೇ ಬರೆಸುತ್ತೇನೆ.