ಪಿಎಸ್4 ಡಿಸ್ಕ್ ಗೆಳೆಯರಿಗೆ ಕೊಡೋ ಮುಂಚೆ ನಂಬರ್ ನೋಡಿಕೊಳ್ಳಿ

ಗೆಳೆಯರ ನಡುವೆ ಗೇಮ್ ಡಿಸ್ಕ್ ಕೊಟ್ಟು ತಗೊಳ್ಳೋರು ದಯವಿಟ್ಟು ಇದನ್ನು ಓದಿ. ಡಿಸ್ಕ್ ಕಳೆದುಹೋಗಬಹುದು, ಗೀರು ಬೀಳಬಹುದು ಅಂತ ಎಲ್ಲರಿಗೂ ಗೊತ್ತು. ನನಗಾದದ್ದು ಬೇರೆ. ಅದೇ ಗೇಮ್ ವಾಪಸ್ ಬಂತು, ಆದರೆ ಡಿಸ್ಕ್ ನನ್ನದಲ್ಲ.

ನನ್ನ ವಿಚರ್ 3 ಡಿಸ್ಕನ್ನು ಗೆಳೆಯನೊಬ್ಬ ತಗೊಂಡು ಹೋದ. ಅವನಿಂದ ಅವನ ರೂಮ್‌ಮೇಟ್‌ಗೆ, ಅಲ್ಲಿಂದ ರೂಮ್‌ಮೇಟ್‌ನ ಆಫೀಸಿನವನಿಗೆ ಹೋಯಿತು. ನನಗೆ ಯಾರೂ ಹೇಳಲಿಲ್ಲ. ಆ ಆಫೀಸಿನವನ ಹತ್ತಿರ ಅಮೆರಿಕದಿಂದ ತಂದ ಅದೇ ಗೇಮ್ ಇತ್ತು. ವಾಪಸ್ ಕೊಡುವಾಗ ನನ್ನ ಬಾಕ್ಸಿನೊಳಗೆ ಅವನ ಡಿಸ್ಕ್ ಸೇರಿಕೊಂಡಿತ್ತು.

ಹಾಕಿದ ಕೂಡಲೇ ಕನ್ಸೋಲ್ ಮೊದಲಿಂದ ಇನ್‌ಸ್ಟಾಲ್ ಮಾಡೋಕೆ ಶುರು ಮಾಡಿತು. ಮುಗಿದ ಮೇಲೆ ನೋಡಿದರೆ ನನ್ನ ಸೇವ್ ಒಂದೂ ಕಾಣಲಿಲ್ಲ. ಇಂಡಿಯಾ ಸ್ಟೋರಿನಲ್ಲಿ ದುಡ್ಡು ಕೊಟ್ಟು ತಗೊಂಡಿದ್ದ ಎರಡು ಎಕ್ಸ್‌ಪ್ಯಾನ್ಷನ್‌ಗಳೂ ಓಪನ್ ಆಗಲಿಲ್ಲ. ಕಾರಣ ಇಷ್ಟೇ. ಒಂದೊಂದು ಪ್ರದೇಶದ ಡಿಸ್ಕಿಗೆ ಒಂದೊಂದು CUSA ನಂಬರ್ ಇರುತ್ತದೆ. ನಂಬರ್ ಬೇರೆಯಾದರೆ ಕನ್ಸೋಲ್ ಅದನ್ನು ಬೇರೆ ಗೇಮ್ ಅಂತಲೇ ಲೆಕ್ಕ ಹಾಕುತ್ತದೆ. ಹಳೆ ಸೇವ್ ಎಲ್ಲೂ ಹೋಗಿಲ್ಲ, ಕನ್ಸೋಲಿನಲ್ಲೇ ಇದೆ. ಆದರೆ ಹಳೆ ನಂಬರಿನ ಡಿಸ್ಕ್ ಇಲ್ಲದೆ ಉಪಯೋಗಕ್ಕೆ ಬರಲ್ಲ. ಗೇಮ್ ಪೂರ್ತಿ ಹಾರ್ಡ್ ಡಿಸ್ಕಿನಲ್ಲಿದ್ದರೂ ಶುರು ಮಾಡೋಕೆ ಡಿಸ್ಕ್ ಬೇಕೇ ಬೇಕಲ್ವಾ?

ವಿಚಾರಿಸೋ ಹೊತ್ತಿಗೆ ಆ ಆಫೀಸಿನವನು ತನ್ನದೇ ಅಂದುಕೊಂಡು ನನ್ನ ಡಿಸ್ಕನ್ನು ಎಕ್ಸ್‌ಚೇಂಜ್‌ನಲ್ಲಿ ಅಂಗಡಿಗೆ ಕೊಟ್ಟಾಗಿತ್ತು. ಗೆಳೆಯನನ್ನು ಕೇಳಿದರೆ, "ಮಗಾ, ಅದೇ ಗೇಮ್ ತಾನೆ, ಏನಾಯ್ತೀಗ?" ಅಂದ. ಡಿಸ್ಕ್ ಹೋಗಿದ್ದಕ್ಕಿಂತ ಆ ಮಾತಿಗೆ ಜಾಸ್ತಿ ಬೇಜಾರಾಯಿತು.

ಬರೀ "ಯಾರ ಹತ್ತಿರ ಯಾವ ಗೇಮ್ ಇದೆ" ಅಂತ ಬರೆದಿಟ್ಟರೆ ಸಾಲದು. CUSA ನಂಬರ್ ಬಾಕ್ಸಿನ ಬೆನ್ನಿನ ಮೇಲೂ ಇರುತ್ತದೆ, ಡಿಸ್ಕಿನ ಮೇಲೂ ಸಣ್ಣ ಅಕ್ಷರದಲ್ಲಿ ಇರುತ್ತದೆ. ಕೊಡೋ ಮುಂಚೆ ಬೆನ್ನಿನದೊಂದು, ಬಾಕ್ಸ್ ತೆರೆದು ಡಿಸ್ಕಿನದೊಂದು ಫೋಟೋ ತೆಗೆಯಿರಿ. ಡಿಸ್ಕ್ ತಿರುಗಿಸಿ ಕೆಳಮುಖದ್ದೂ ಒಂದು ಇರಲಿ, ಗೀರಿನ ಜಗಳಕ್ಕೆ ಅದೇ ಸಾಕ್ಷಿ. ಆ ಫೋಟೋಗಳನ್ನು ತಗೊಳ್ಳೋನಿಗೇ ವಾಟ್ಸಾಪ್ ಮಾಡಿ, ಜೊತೆಗೆ ಹೀಗೆ ಬರೆಯಿರಿ: "ನಿನಗೆ ಕೊಟ್ಟಿದ್ದೇನೆ. ಬೇರೆಯವರಿಗೆ ಬೇಕಾದರೆ ಮೊದಲು ನನ್ನ ಕೈಗೆ ಬರಲಿ." ಕೈ ಬದಲಾದಾಗೆಲ್ಲ ಡಿಸ್ಕ್ ನಿಮ್ಮ ಮೂಲಕವೇ ಹೋದರೆ, ಯಾರ ಹತ್ತಿರ ಇದೆ ಅಂತ ಮೂರನೆಯವರನ್ನು ಕೇಳೋ ಪರಿಸ್ಥಿತಿ ಬರಲ್ಲ.

ವಾಪಸ್ ಬಂದಾಗ ಅವರು ಎದುರಿಗಿರುವಾಗಲೇ ಬಾಕ್ಸ್ ತೆರೆದು ನಂಬರ್ ಹೊಂದಿಸಿ ನೋಡಿ. ಸಂಕೋಚ ಬೇಡ. ನನ್ನ ಗೆಳೆಯ ಗೇಟಿನ ಹತ್ತಿರ ಬಾಕ್ಸ್ ಕೊಟ್ಟು ಹೋದಾಗ ಇಷ್ಟು ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು, ಆಗಿನ್ನೂ ನನ್ನ ಡಿಸ್ಕ್ ಅಂಗಡಿ ಸೇರಿರಲಿಲ್ಲ. ಈಗ ಅದೇ ನಂಬರಿನ ಸೆಕೆಂಡ್ ಹ್ಯಾಂಡ್ ಡಿಸ್ಕ್ ಹುಡುಕುತ್ತಿದ್ದೇನೆ. ಮಾರುವವರೆಲ್ಲ ಮುಂದಿನ ಮುಖದ ಫೋಟೋ ಮಾತ್ರ ಹಾಕುತ್ತಾರೆ, ಬೆನ್ನಿನ ಫೋಟೋ ಕಳಿಸಿ ಅಂತ ಒಬ್ಬೊಬ್ಬರನ್ನೂ ಕೇಳಬೇಕಾಗಿದೆ.