ಧಾತುವಿನಿಂದ ಮೂರು ಕಾಲ: ನಾನು ಪ್ರಯತ್ನಿಸಿದ ಮೂರು ದಾರಿಗಳು

ಮೊದಲೇ ಹೇಳಿಬಿಡ್ತೀನಿ. ಕನ್ನಡ ಕ್ರಿಯಾಪದಗಳ ಡೇಟಾಬೇಸ್‌ನಲ್ಲಿ ಧಾತುವಿನ ಪಕ್ಕ ಮಾಡಿದ, ಬಿದ್ದ ಥರದ ಅದರ ಭೂತ ಕೃದಂತವನ್ನೂ ಇಟ್ಟು, ಉಳಿದ ರೂಪಗಳನ್ನು ಕೋಡ್‌ನಿಂದ ಮಾಡಿಸುವ ದಾರಿಯೇ ನನಗೆ ಇಷ್ಟ. ಉಳಿದೆರಡನ್ನೂ ಮಾಡಿ ನೋಡಿಯೇ ಇಲ್ಲಿಗೆ ಬಂದೆ.

ಎಲ್ಲ ರೂಪಗಳನ್ನೂ ಕೈಯಿಂದ ಟೈಪ್ ಮಾಡೋದು ಒಂದು ದಾರಿ. ತಪ್ಪು ಕಮ್ಮಿ, ಆದರೆ ಒಬ್ಬರೇ ಕೂತು ಮುಗಿಸುವ ಕೆಲಸವಲ್ಲ.

ಇನ್ನೊಂದು, ಬರೀ ನಿಯಮಗಳಿಂದ ರೂಪ ಹುಟ್ಟಿಸೋದು. ವರ್ತಮಾನ, ಭವಿಷ್ಯತ್ತಿನಲ್ಲಿ ತೊಂದರೆಯೇ ಬರಲಿಲ್ಲ. ಬೀಳುತ್ತಾನೆ, ಬೀಳುವನು. ಕುಡಿ, ಕರೆ ಥರದವಕ್ಕೆ ನಡುವೆ 'ಯು' ಸೇರಿಸಿದರೆ ಸಾಕು. ಕೈಕೊಟ್ಟಿದ್ದು ಭೂತಕಾಲ. ಕೊನೆಯ ಉಕಾರ ತೆಗೆದು 'ಇದ' ಹಚ್ಚು ಅಂತ ನಿಯಮ ಬರೆದೆ. ಮಾಡಿದ, ಹೇಳಿದ, ಕೇಳಿದ ಸರಿಯಾಗಿ ಬಂದವು. ಅದೇ ಉತ್ಸಾಹದಲ್ಲಿ 'ಬೀಳಿದನು', 'ಏಳಿದನು' ಕೂಡ ಬಂದವು! ಕೇಳು, ಬೀಳು ನೋಡೋಕೆ ಒಂದೇ ಅಚ್ಚು, ಆದರೆ ಒಂದು ಕೇಳಿದ, ಇನ್ನೊಂದು ಬಿದ್ದ. 'ಯು' ಕೊನೆಯವು ಇನ್ನೂ ಕಷ್ಟ: ಕಾಯು ಕಾದ, ನೋಯು ನೊಂದ, ಸಾಯು ಸತ್ತ. ಕುಡಿದ, ಕಲಿತ ಜೋಡಿಯೂ ಹಾಗೇ. ಧಾತುವಿನ ಅಕ್ಷರ ನೋಡಿ ಇದನ್ನು ಹೇಳೋಕೆ ಆಗಲ್ಲ, ಅಲ್ವಾ? ವಿನಾಯಿತಿಗಳ ಪಟ್ಟಿ ದಿನದಿನಕ್ಕೆ ಬೆಳೀತು. ಪಟ್ಟಿಗೆ ಸೇರದೆ ಉಳಿದ ಧಾತು ಸದ್ದಿಲ್ಲದೆ ತಪ್ಪು ರೂಪ ಕೊಡ್ತಿತ್ತು. ಒಂದೊಂದನ್ನೂ ಗಟ್ಟಿಯಾಗಿ ಓದಿದಾಗಲೇ ಸಿಗ್ತಿದ್ದದ್ದು.

ಹಾಗಾಗಿ ಮೂರನೆಯದು. ಆದರೆ ಇಲ್ಲೂ ಒಮ್ಮೆ ಎಡವಿದೆ. ಮೊದಲು ಮಾಡಿ, ಬಂದು, ಬಿದ್ದು ಅನ್ನುವ ಕೃದಂತಾವ್ಯಯಗಳನ್ನು ಕಾಲಮ್‌ಗೆ ತುಂಬಿದ್ದೆ. 'ಹೋಗಿ' ಬಂದಾಗ ಕೋಡ್ 'ಹೋಗಿದನು' ಅಂತ ಕೊಟ್ಟಿತು, 'ಆಗಿ'ಯಿಂದ 'ಆಗಿದನು'. ಬೇಕಾದದ್ದು ಹೋದನು, ಆದನು. ಕಾಲಮ್ ಬದಲಿಸಿ ಮಾಡಿದ, ಬಂದ, ಹೋದ ಅಂತ ಇಟ್ಟ ಮೇಲೆ ಸರಿಹೋಯಿತು.

```python
def kaala(dhatu, krudanta):
    b = dhatu if dhatu.endswith("ು") else dhatu + "ಯು"
    return krudanta + "ನು", b + "ತ್ತಾನೆ", b + "ವನು"
```

`kaala("ಬೀಳು", "ಬಿದ್ದ")` ಕೊಟ್ಟರೆ ಬಿದ್ದನು, ಬೀಳುತ್ತಾನೆ, ಬೀಳುವನು. 'ಳು', 'ರು', 'ವು' ಕೂಡ ಕೃದಂತಕ್ಕೆ ನೇರ ಅಂಟುತ್ತವೆ. ನಾನು, ನಾವು, ನೀನು, ನೀವುಗಳಿಗೆ ಮಾತ್ರ ಕೊನೆಯ ಅಕಾರ ಬಿಡಬೇಕು: ಬಿದ್ದೆನು, ಬಿದ್ದೆವು, ಬಿದ್ದೆ, ಬಿದ್ದಿರಿ.

ನಪುಂಸಕ ಏಕವಚನ ಈ ಸಾಲಿಗೆ ಬಗ್ಗಲ್ಲ. ಹೋದ ಇದ್ದರೂ ಹೋಯಿತು, ಕುಡಿದ ಇದ್ದರೂ ಕುಡಿಯಿತು, ಬಂದಕ್ಕೆ ಬಂದಿತು, ಬಂತು ಎರಡೂ ನಡೆಯುತ್ತವೆ. ಅದಕ್ಕೆ ಇನ್ನೊಂದು ಕಾಲಮ್ ಕೊಟ್ಟೆ. 'ಇರು'ವಿನ 'ಇದ್ದಾನೆ'ಯನ್ನು ಕೈಯಿಂದಲೇ ಸೇರಿಸಿದೆ.

ನಿಮ್ಮ ಜೊತೆ ನಾಲ್ಕು ಜನ ಟೈಪ್ ಮಾಡೋರಿದ್ದರೆ ಮೊದಲ ದಾರಿ ನಡೆದೀತು. ನನಗೆ ದಿನಕ್ಕೆ ಸಿಗೋದು ಒಂದು ಗಂಟೆ. ಧಾತುವಿನ ಜೊತೆ ಎರಡು ಪದ ಟೈಪ್ ಮಾಡೋದಷ್ಟೇ ಆದರೆ ಅಷ್ಟರಲ್ಲಿ ಸುಮಾರು ಧಾತು ಮುಗಿಯುತ್ತವೆ.