ಐದನೇ ವರ್ಷಕ್ಕೆ ಹೆಡ್ ಬದಲಿಸಿದೆ, ಪ್ರಿಂಟರ್ ಅಲ್ಲ

ಬಣ್ಣದ ಕೊಕ್ಕರೆಯ ಬಾಲದ ಹತ್ತಿರ ತಿಳಿ ಗುಲಾಬಿ ಗರಿಗಳಿರುತ್ತವೆ, ನೋಡಿದ್ದೀರಾ? ರಂಗನತಿಟ್ಟಿನಲ್ಲಿ ತೆಗೆದ ಅಂಥದ್ದೊಂದು ಫೋಟೊವನ್ನು ಕಳೆದ ಮಾರ್ಚ್‌ನಲ್ಲಿ ಪ್ರಿಂಟ್ ಹಾಕಿದೆ. ಗುಲಾಬಿ ಇರಬೇಕಾದ ಕಡೆ ಕೂದಲೆಳೆಯಂಥ ಬಿಳಿ ಗೆರೆಗಳು ಬಂದವು. ಪಕ್ಕದ ಬೂದು ಬಣ್ಣಕ್ಕೂ ಹಸಿರು ಛಾಯೆ. ಮೈಸೂರಿನ ನಮ್ಮ ಮನೆಯಲ್ಲಿ ಐದು ವರ್ಷದಿಂದ ಇರುವ ಎಂಟು ಬಣ್ಣದ ಫೋಟೊ ಪ್ರಿಂಟರ್ ಇದು. ಇಂಕ್ ಚಿಮ್ಮಿಸುವ ಹೆಡ್ ಬೇರೆ, ಇಂಕ್ ಟ್ಯಾಂಕ್ ಬೇರೆ.

ಹೆಡ್‌ನ ಸಣ್ಣ ರಂಧ್ರಗಳೆಲ್ಲ ಇಂಕ್ ಬಿಡುತ್ತಿವೆಯೇ ಅಂತ ತೋರಿಸುವ ನಾಝಲ್ ಚೆಕ್ ಹಾಳೆ ಹಾಕಿದೆ. ತಿಳಿ ಮಜೆಂಟಾದಲ್ಲಿ ಮಾತ್ರ ನಾಲ್ಕು ಕಡೆ ಖಾಲಿ ಇತ್ತು. ಮೂರು ಸಲ ಕ್ಲೀನಿಂಗ್, ಆಮೇಲೆ ಒಂದು ರಾತ್ರಿ ಬಿಟ್ಟು ಡೀಪ್ ಕ್ಲೀನಿಂಗ್. ಏನೂ ಬದಲಾಗಲಿಲ್ಲ. ಆದರೂ ಮುಂದಿನ ಎರಡು ತಿಂಗಳು ವಾರಕ್ಕೊಂದು ಸಲ ಅದೇ ಮಾಡಿದೆ. ನನಗೆ ಸಿಟ್ಟಿರುವುದು ಇಲ್ಲೇ. ಕೆಟ್ಟಿದ್ದು ಒಂದು ಬಣ್ಣ, ಆದರೆ ಡೀಪ್ ಕ್ಲೀನಿಂಗ್ ಎಂಟೂ ಟ್ಯಾಂಕ್‌ನಿಂದ ಇಂಕ್ ಎಳೆದು ಒಳಗಿನ ವೇಸ್ಟ್ ಪ್ಯಾಡಿಗೆ ಸುರಿಯುತ್ತದೆ. ಹೊಸ ಹೆಡ್‌ನ ಬೆಲೆಯಲ್ಲಿ ಅರ್ಧದಷ್ಟು ಇಂಕ್ ಹಾಗೆ ಹೋಯಿತು. ‘ಇನ್ನು ಸಾಕು, ಇದರಿಂದ ಸರಿಹೋಗಲ್ಲ’ ಅಂತ ಆ ಮೆನು ಒಮ್ಮೆಯೂ ಹೇಳುವುದಿಲ್ಲ.

ಕೊನೆಗೆ ಗೊತ್ತಾಗಿದ್ದು ಕಿಟಕಿ ಬೆಳಕಿನಲ್ಲಿ. ಬೇರೆ ಬೇರೆ ವಾರದ ಎರಡು ಚೆಕ್ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಗಾಜಿಗೆ ಒತ್ತಿ ಹಿಡಿದೆ. ನಾಲ್ಕೂ ಖಾಲಿ ಜಾಗ ಕರಾರುವಾಕ್ಕಾಗಿ ಒಂದರ ಮೇಲೊಂದು ಕೂತವು. ಒಣಗಿದ ಇಂಕ್ ಕಟ್ಟಿಕೊಂಡಿದ್ದರೆ ಕ್ಲೀನಿಂಗ್ ಆದ ಮೇಲೆ ಕೆಲವು ತೆರೆಯುತ್ತವೆ, ಖಾಲಿ ಜಾಗ ಕಡಿಮೆಯಾಗುತ್ತದೆ, ಇಲ್ಲವೇ ಬೇರೆ ಕಡೆ ಸರಿಯುತ್ತದೆ. ಇಂಕ್ ಹರಿವು ಸಾಲದಿದ್ದರೆ ಹಾಳೆಯ ಮೇಲ್ಭಾಗ ಚೆನ್ನಾಗಿ ಬಂದು ಕೆಳಗೆ ಹೋಗ್ತಾ ಮಸುಕಾಗುತ್ತದೆ. ನನ್ನದು ಎರಡೂ ಅಲ್ಲ. ಇಂಥ ಹೆಡ್‌ನಲ್ಲಿ ಪ್ರತಿ ನಾಝಲ್‌ಗೂ ಒಂದು ಪುಟ್ಟ ಹೀಟರ್ ಇರುತ್ತದೆ. ಅದು ಇಂಕನ್ನು ಕ್ಷಣದಲ್ಲಿ ಕುದಿಸಿ ಗುಳ್ಳೆ ಎಬ್ಬಿಸಿ ಹನಿಯನ್ನು ಹೊರಗೆ ತಳ್ಳುತ್ತದೆ. ಹೀಟರ್ ಸುಟ್ಟುಹೋದರೆ ಎಷ್ಟು ತೊಳೆದರೂ ಬರುವುದಿಲ್ಲ, ಅಲ್ವಾ?

ರಿಪೇರಿ ಅಂಗಡಿಯಲ್ಲಿ "ಸಾರ್, ಹಳೇ ಮಷಿನ್‌ಗೆ ದುಡ್ಡು ಹಾಕ್ಬೇಡಿ, ಬೋರ್ಡೂ ಹೋಗಿರುತ್ತೆ" ಅಂದರು. ಆ ಭಯ ಸುಳ್ಳಲ್ಲ. ಶಾರ್ಟ್ ಆದ ಹೆಡ್ ಬೋರ್ಡನ್ನು ಸುಡಬಹುದು, ಕೆಟ್ಟ ಬೋರ್ಡ್ ಹೊಸ ಹೆಡ್ಡನ್ನೂ ಸುಡಬಹುದು. ಆದರೆ ನನ್ನದರಲ್ಲಿ ಹೆಡ್‌ನ ಎರರ್ ಒಮ್ಮೆಯೂ ಬಂದಿರಲಿಲ್ಲ. ಉಳಿದ ಏಳು ಬಣ್ಣ ಪೂರ್ತಿ ಬರುತ್ತಿದ್ದವು. ಹೆಡ್‌ನ ಬೆಲೆ ಹೊಸ ಪ್ರಿಂಟರ್‌ನ ಮೂರನೇ ಒಂದು ಭಾಗ. ಹಾಗಾಗಿ ಧೈರ್ಯ ಮಾಡಿದೆ. ನಾಲ್ಕೈದು ಸಾವಿರದ ಪ್ರಿಂಟರ್ ಆಗಿದ್ದರೆ ಖಂಡಿತ ಮಾಡುತ್ತಿರಲಿಲ್ಲ. ಹಳೇ ಹೆಡ್ ಮೇಲಿದ್ದ ಪಾರ್ಟ್ ನಂಬರ್ ಬರೆದುಕೊಂಡು ಬೆಂಗಳೂರಿನಿಂದ ಸೀಲ್ ಪ್ಯಾಕ್ ತರಿಸಿದೆ. ಸೀಲ್ ಒಡೆದರೆ ವಾಪಸ್ ಇಲ್ಲ ಅಂತ ಮೊದಲೇ ಹೇಳಿದ್ದರು.

ಬದಲಿಸುವ ಕೆಲಸ ಇಷ್ಟು ಸಲೀಸು ಅಂತ ಅಂದುಕೊಂಡಿರಲಿಲ್ಲ. ಪ್ರಿಂಟರ್ ಆನ್ ಇದ್ದಾಗಲೇ ಮುಚ್ಚಳ ತೆಗೆದೆ, ಹೆಡ್ ಹೊತ್ತ ಕ್ಯಾರೇಜ್ ತಾನಾಗಿ ಮಧ್ಯಕ್ಕೆ ಬಂದು ನಿಂತಿತು. ಎಂಟೂ ಟ್ಯಾಂಕ್ ತೆಗೆದು ಟಿಶ್ಯೂ ಮೇಲೆ ಸಾಲಾಗಿ ಇಟ್ಟೆ. ಲಿವರ್ ಎತ್ತಿದೆ, ಹಳೇ ಹೆಡ್ ಕೈಗೆ ಬಂತು. ಹೊಸದರ ಕ್ಯಾಪ್ ಬಿಚ್ಚುವಾಗ ಎರಡು ಹನಿ ಇಂಕ್ ಬೀಳುತ್ತದೆ, ಕೆಳಗೆ ಹಳೇ ಪೇಪರ್ ಹಾಕಿಕೊಳ್ಳಿ. ಹಿಂದಿನ ಚಿನ್ನದ ಬಣ್ಣದ ಚುಕ್ಕೆಗಳನ್ನೂ ಕೆಳಗಿನ ನಾಝಲ್ ಮುಖವನ್ನೂ ಬೆರಳಿನಿಂದ ಮುಟ್ಟಬಾರದು. ಕೂರಿಸಿ ಲಿವರ್ ಇಳಿಸಿದೆ, ತಡಮಾಡದೆ ಟ್ಯಾಂಕ್ ಹಾಕಿದೆ. ಒಟ್ಟು ಇಪ್ಪತ್ತು ನಿಮಿಷ. ಮುಚ್ಚಳ ಹಾಕಿದ ಮೇಲೆ ಹೊಸ ಹೆಡ್ ತುಂಬಿಸಿಕೊಳ್ಳಲು ಮಷಿನ್ ಜಾಸ್ತಿ ಇಂಕ್ ಎಳೆಯುತ್ತದೆ. ಖಾಲಿಯಾಗುತ್ತಿರುವ ಟ್ಯಾಂಕ್ ಇದ್ದರೆ ಬದಲಿ ಕೈಯಲ್ಲಿರಲಿ.

ನಾಝಲ್ ಚೆಕ್‌ನಲ್ಲಿ ತಿಳಿ ಮಜೆಂಟಾ ಪೂರ್ತಿ ಬಂತು. ಹಾಗಂತ ತಕ್ಷಣ ಫೋಟೊ ಹಾಕಬೇಡಿ. ಮೊದಲು ಹೆಡ್ ಅಲೈನ್‌ಮೆಂಟ್ ಮಾಡಿ. ನಾನು ಅದನ್ನು ಬಿಟ್ಟು ಹಾಕಿದ ಮೊದಲ ಪ್ರಿಂಟ್‌ನಲ್ಲಿ ಕೊಕ್ಕಿನ ಅಂಚು ಎರಡೆರಡಾಗಿ ಕಂಡಿತು. ಅಲೈನ್‌ಮೆಂಟ್ ಆದ ಮೇಲೆ ಹಾಕಿದ್ದರಲ್ಲಿ ಅಂಚು ಚೂಪಾಗಿತ್ತು, ಗರಿಯ ಗುಲಾಬಿ ಮೆತ್ತಗೆ ಬಿಳಿಗೆ ಕರಗಿತ್ತು. ಅಡುಗೆಮನೆಯಲ್ಲಿದ್ದ ಮನೆಯವರನ್ನು ಕೂಗಿ ಕರೆದು ತೋರಿಸಿದೆ.

ಈಗ ಏಳು ತಿಂಗಳಾಯಿತು. ಭಾನುವಾರ ಕಾಫಿ ಆದ ಮೇಲೆ ಎಲ್ಲ ಬಣ್ಣವೂ ಇರುವ ಒಂದು ಚಿಕ್ಕ ಪ್ರಿಂಟ್ ಹಾಕುತ್ತೇನೆ. ಆಫ್ ಮಾಡುವುದು ಪ್ರಿಂಟರ್‌ನ ಬಟನ್‌ನಿಂದಲೇ. ಗೋಡೆಯ ಸ್ವಿಚ್ ಮೊದಲು ಆರಿಸಿದರೆ ಹೆಡ್ ತನ್ನ ಕ್ಯಾಪ್ ಮೇಲೆ ಹೋಗಿ ಕೂರುವುದಿಲ್ಲ, ಬೇಸಿಗೆಯಲ್ಲಿ ಬೇಗ ಒಣಗುತ್ತದೆ. ತಿಂಗಳಿಗೊಂದು ಚೆಕ್ ಹಾಳೆಗೆ ತಾರೀಖು ಬರೆದು ಫೈಲಿಗೆ ಸೇರಿಸುತ್ತೇನೆ. ಮುಂದೆ ಗೆರೆ ಕಂಡರೆ ಮೊದಲು ಎರಡು ಹಾಳೆ ತೆಗೆದುಕೊಂಡು ಕಿಟಕಿ ಹತ್ತಿರ ಹೋಗುತ್ತೇನೆ.